ಟ್ರಾನ್ಸ್‌ಫಾರ್ಮರ್ ಮೇಲೆ ಕಿಲೋವ್ಯಾಟ್ ಯಾಕೆ ಬರೆಯುವುದಿಲ್ಲ?

"ಸಾರ್, ಮೋಟಾರ್ ಮೇಲೆ ಕಿಲೋವ್ಯಾಟ್ ಅಂತಿರುತ್ತೆ, ಟ್ರಾನ್ಸ್‌ಫಾರ್ಮರ್ ಮೇಲೆ ಮಾತ್ರ ಕೆವಿಎ. ಯಾಕೆ?" ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮೊನ್ನೆ ಕೇಳಿದ. ಇಂಟರ್‌ವ್ಯೂಗೆ ಬಾಯಿಪಾಠ ಮಾಡಿದ ಉತ್ತರ ಅವನ ಹತ್ತಿರವೂ ಇತ್ತು: ತಯಾರಿಸುವವರಿಗೆ ಲೋಡಿನ ಪವರ್ ಫ್ಯಾಕ್ಟರ್, ಅಂದರೆ ಕೆವಿಎಯಲ್ಲಿ ಎಷ್ಟು ಪಾಲು ಕಿಲೋವ್ಯಾಟ್ ಆಗಿ ಕೆಲಸಕ್ಕೆ ಬರುತ್ತದೆ ಎಂಬುದು, ಮೊದಲೇ ಗೊತ್ತಿರುವುದಿಲ್ಲ.

ಸುಳ್ಳಲ್ಲ, ಆದರೆ ಅರ್ಧ ಉತ್ತರ. ಗೊತ್ತಿದ್ದರೂ ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುವ ಮಿತಿ ಬದಲಾಗುವುದಿಲ್ಲ. ಆ ಮಿತಿ ಹಾಕುವುದು ಬಿಸಿ. ಮೋಟಾರಿನಲ್ಲಿ ನಮಗೆ ಬೇಕಾದದ್ದು ಶಾಫ್ಟ್ ಮಾಡುವ ಕೆಲಸ, ಹಾಗಾಗಿ ಅಲ್ಲಿ ಕಿಲೋವ್ಯಾಟ್ ಸರಿ. ಟ್ರಾನ್ಸ್‌ಫಾರ್ಮರ್ ಸುಮ್ನೆ ದಾಟಿಸುತ್ತದೆ, ದಾಟಿಸುವಾಗ ಬಿಸಿಯಾಗುತ್ತದೆ.

ಕೋರ್ ಬಿಸಿಯಾಗುವುದು ವೋಲ್ಟೇಜಿನಿಂದ. ವೈಂಡಿಂಗ್ ಬಿಸಿಯಾಗುವುದು ಕರೆಂಟಿನಿಂದ, ಅದೂ ಕರೆಂಟಿನ ವರ್ಗದ ಲೆಕ್ಕದಲ್ಲಿ. ವೋಲ್ಟೇಜೂ ಕರೆಂಟೂ ಜೊತೆಯಾಗಿ ಏರಿಳಿಯುತ್ತಿವೆಯೋ, ಒಂದು ಹಿಂದೆ ಬಿದ್ದಿದೆಯೋ ಎಂಬುದು ತಾಮ್ರಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡನ್ನೂ ಗುಣಿಸಿ ಬರುವ ಕೆವಿಎ ಮಾತ್ರ ಪ್ಲೇಟಿನ ಮೇಲೆ ಬರುತ್ತದೆ.

ನಂಬಿಕೆ ಬರದಿದ್ದರೆ ಫ್ಯಾಕ್ಟರಿಯ ಹೀಟ್ ರನ್ ಟೆಸ್ಟ್ ನೋಡಿ. ನನಗೆ ಬಹಳ ಇಷ್ಟವಾದ ಪುರಾವೆ ಅದು. ಒಂದು ಕಡೆಯ ವೈಂಡಿಂಗನ್ನು ಶಾರ್ಟ್ ಮಾಡಿ, ಇನ್ನೊಂದು ಕಡೆ ಕಡಿಮೆ ವೋಲ್ಟೇಜ್ ಕೊಟ್ಟು, ಕೋರಿನ ಬಿಸಿಯನ್ನೂ ಸರಿದೂಗಿಸಲು ಮೊದಲು ಪೂರ್ತಿ ಕರೆಂಟಿಗಿಂತ ಸ್ವಲ್ಪ ಹೆಚ್ಚು, ಆಮೇಲೆ ಪೂರ್ತಿ ಕರೆಂಟ್ ಹರಿಸುತ್ತಾರೆ. ಹೊರಗಿನ ಲೋಡಿಗೆ ಹೋಗುವುದು ಸೊನ್ನೆ ಕಿಲೋವ್ಯಾಟ್. ಆದರೂ ಎಣ್ಣೆ, ವೈಂಡಿಂಗ್ ಎರಡೂ ಫುಲ್ ಲೋಡಿನಷ್ಟೇ ಕಾಯುತ್ತವೆ!

ಹುಡುಗನಿಗೆ ಲೆಕ್ಕ ಹಾಕಿ ತೋರಿಸಿದೆ. ತ್ರೀ ಫೇಸ್, 100 ಕೆವಿಎ, ಔಟ್‌ಪುಟ್ 400 ವೋಲ್ಟ್. 100000 ಅನ್ನು 1.732 × 400ರಿಂದ ಭಾಗಿಸಿದರೆ ಸುಮಾರು 144 ಆಂಪ್ಸ್. ಅದೇ ಮಿತಿ. ಪವರ್ ಫ್ಯಾಕ್ಟರ್ 0.7 ಇರುವ ಲೋಡಿಗೆ ಈ 144 ಆಂಪ್ಸ್ ಕೊಟ್ಟರೆ ಸಿಗುವುದು ಬರೀ 70 ಕಿಲೋವ್ಯಾಟ್. ಪ್ಲೇಟಿನ ಮೇಲೆ "100 ಕಿಲೋವ್ಯಾಟ್" ಅಂತ ಬರೆದಿದ್ದರೆ? ಯಾರೋ ಇನ್ನೂ 30 ಕಿಲೋವ್ಯಾಟ್ ಜಾಗ ಇದೆ ಅಂದುಕೊಂಡು ಅಂಥದ್ದೇ ಮೋಟಾರ್‌ಗಳನ್ನು ಸೇರಿಸುತ್ತಾರೆ. ಕರೆಂಟ್ 206 ಆಂಪ್ಸ್‌ಗೆ ಏರುತ್ತದೆ, ವೈಂಡಿಂಗಿನ ಬಿಸಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತಂತಿಗೆ ಸುತ್ತಿದ ಇನ್ಸುಲೇಶನ್ ಕಾಗದ ಬೇಗ ಹಳತಾಗಿ ಪೆಡಸಾಗತೊಡಗುತ್ತದೆ. ಮೀಟರ್ ಮಾತ್ರ 100 ಕಿಲೋವ್ಯಾಟ್ ತೋರಿಸಿ "ಎಲ್ಲ ಸರಿಯಿದೆ" ಅನ್ನುತ್ತಿರುತ್ತದೆ. ಅದಕ್ಕೇ ನಾನು ಮೊದಲು ಕಿಲೋವ್ಯಾಟ್ ಮೀಟರ್ ನೋಡುವುದಿಲ್ಲ, ಕ್ಲಾಂಪ್ ಮೀಟರ್ ಹಾಕಿ ಮೂರೂ ಫೇಸಿನ ಆಂಪ್ಸ್ ನೋಡುತ್ತೇನೆ.

(ಕರೆಂಟಿನಲ್ಲಿ ಹಾರ್ಮೋನಿಕ್ಸ್ ಜಾಸ್ತಿ ಇದ್ದರೆ ಕೆವಿಎ ಲೆಕ್ಕವೂ ಸಾಲದು, ಅಷ್ಟೇ ಆಂಪ್ಸ್‌ಗೆ ಇನ್ನೂ ಹೆಚ್ಚು ಬಿಸಿ. ಅದು ಬೇರೆ ಕಥೆ.)

"ಹಾಗಾದ್ರೆ ಕೆಪಾಸಿಟರ್ ಹಾಕಿದ್ರೆ ಜಾಗ ಸಿಗುತ್ತೆ ಅಲ್ವಾ ಸಾರ್?" ಸಿಗುತ್ತದೆ. ಅದೇ 70 ಕಿಲೋವ್ಯಾಟಿಗೆ ಸುಮಾರು 48 ಕೆವಿಎಆರ್ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.95ಕ್ಕೆ ತಂದರೆ ಕರೆಂಟ್ 106 ಆಂಪ್ಸ್‌ಗೆ ಇಳಿಯುತ್ತದೆ. ಎಲ್ಲಿ ಹಾಕುತ್ತೀಯ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಲೋಡ್ ಕಡೆನೇ ಹಾಕ್ಬೇಕು. ಹೈ ವೋಲ್ಟೇಜ್ ಕಡೆ ಹಾಕಿದ್ರೆ ವೈಂಡಿಂಗಲ್ಲಿ ಹರಿಯೋ ಕರೆಂಟ್ ಅಷ್ಟೇ ಇರುತ್ತಲ್ಲ" ಅಂದ.