ಕೋಟಿ ತಂದರೆ ಎಂಬತ್ತೈದೂವರೆ ಲಕ್ಷ ಸಾಲ

ಪೀಣ್ಯದಲ್ಲಿ ಗೇರ್ ಮಾಡುವ ಪರಿಚಯದವರೊಬ್ಬರಿದ್ದಾರೆ. ಹೂಡಿಕೆದಾರನೊಬ್ಬನಿಂದ ಒಂದು ಕೋಟಿ ತಂದರು. ಮೂರು ವರ್ಷದ ಡಿಬೆಂಚರು ಅನ್ನುವ ಸಾಲಪತ್ರ, ಶೇ. 6 ಬಡ್ಡಿ. ಅವಧಿ ಮುಗಿದಾಗ ಆತ ಮನಸ್ಸಿದ್ದರೆ ಷೇರು ತಗೊಳ್ಳಬಹುದು, ಇಲ್ಲದಿದ್ದರೆ ದುಡ್ಡು ವಾಪಸ್. ಎಷ್ಟು ಷೇರು ಅನ್ನುವುದು ಮೊದಲೇ ನಿಗದಿ. ಕೋಟಿ ಖಾತೆಗೆ ಬಿದ್ದ ದಿನವೇ ಅಕೌಂಟೆಂಟು ಲೆಡ್ಜರ್ ತಂದಿಟ್ಟ. ಸಾಲ 85.59 ಲಕ್ಷ.

"ಮಿಕ್ಕ ಹದಿನಾಲ್ಕೂವರೆ ಎಲ್ಲಯ್ಯಾ?"

"ಅದು ಸಾಲ ಅಲ್ಲ ಸಾರ್, ಬಂಡವಾಳ."

"ಅವನು ವಾಪಸ್ ಕೇಳಿದರೆ ಎಷ್ಟು ಕೊಡಬೇಕು?"

"ಪೂರ್ತಿ ಕೋಟಿ ಸಾರ್."

ಅಕೌಂಟೆಂಟು ಪಾಪ, ತಪ್ಪೇನೂ ಮಾಡಿಲ್ಲ. ಕಂಪನಿಯ ಹೆಚ್ಚಿನ ಪಾಲು ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಯೊಂದರದು. ಹಾಗಾಗಿ ಇವರಿಗೂ ಹೊಸ ಲೆಕ್ಕದ ನಿಯಮವಾದ ಇಂಡ್ ಎಎಸ್ 32 ಅನ್ವಯ. ಅದರ ಪ್ರಕಾರ ಈ ಒಂದು ಕಾಗದದೊಳಗೆ ಎರಡು ವಸ್ತುಗಳಿವೆ: ಒಂದು ಸಾಲ, ಇನ್ನೊಂದು ಷೇರಾಗುವ ಹಕ್ಕು. ಆ ಹಕ್ಕಿನ ಆಸೆ ತೋರಿಸದೆ ಹೋಗಿದ್ದರೆ ಯಾರೂ ಶೇ. 6ಕ್ಕೆ ಕೊಡುತ್ತಿರಲಿಲ್ಲ, 12 ಕೇಳುತ್ತಿದ್ದರು. ಆದ್ದರಿಂದ ವರ್ಷಕ್ಕೆ 6 ಲಕ್ಷದಂತೆ ಮೂರು ಬಡ್ಡಿ ಮತ್ತು ಕೊನೆಯ ಕೋಟಿ, ಇವನ್ನು ಶೇ. 12ರ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಬಡ್ಡಿಗೆ 14.41 ಲಕ್ಷ, ಅಸಲಿಗೆ 71.18 ಲಕ್ಷ. ಕೂಡಿದರೆ 85.59. ಅದು ಸಾಲ. ಕೋಟಿಯಲ್ಲಿ ಅದನ್ನು ಕಳೆದು ಉಳಿದ 14.41 ಬಂಡವಾಳ. ಇಲ್ಲಿಯವರೆಗೆ ನನಗೂ ಸರಿಯೆಂದೇ ಅನಿಸಿತು, ಸುಳ್ಳು ಹೇಳಲಾರೆ.

ಆದರೆ ಆ 12 ಎಲ್ಲಿಂದ ಬಂತು? ಮೌಲ್ಯಮಾಪಕರು ಹೇಳಿದ್ದು. ಅವರು 15 ಅಂದಿದ್ದರೆ ಸಾಲ 79.45ಕ್ಕೆ ಇಳಿದು, ಬಂಡವಾಳ 20.55ಕ್ಕೆ ಏರುತ್ತಿತ್ತು. ಒಂದೇ ಒಂದು ಗೇರ್ ಹೆಚ್ಚು ಮಾರದೆ ಆರು ಲಕ್ಷ ಬಂಡವಾಳ! ಅದಕ್ಕೇ ಇಂಥ ಬ್ಯಾಲೆನ್ಸ್ ಶೀಟ್ ಕಂಡಾಗ ಮೊದಲು ಆ ದರವನ್ನು ಹುಡುಕಬೇಕು. ಅದೇ ಕಂಪನಿ ಬ್ಯಾಂಕಿಗೆ ಕಟ್ಟುತ್ತಿರುವ ಬಡ್ಡಿಗಿಂತ ಅದು ತೀರಾ ಮೇಲಿದ್ದರೆ, ಯಾಕಪ್ಪಾ ಅಂತ ಕೇಳಬೇಕು. ಹಾಗಂತ ಇದು ಬಿಟ್ಟಿ ಬಂಡವಾಳವೂ ಅಲ್ಲ. ಮೊದಲ ವರ್ಷ ಕಟ್ಟಿದ ಬಡ್ಡಿ 6 ಲಕ್ಷ, ಪುಸ್ತಕದಲ್ಲಿ ಬರೆದ ಖರ್ಚು 10.27 ಲಕ್ಷ. ಕಟ್ಟದ 4.27 ಸಾಲಕ್ಕೆ ಸೇರಿ ಅದು 89.86 ಆಗುತ್ತದೆ. ಹೀಗೆ ಒಂದು ರೂಪಾಯಿಯೂ ಹೊಸದಾಗಿ ತರದೆ ಸಾಲ ಬೆಳೆಯುತ್ತಾ ಮೂರನೇ ವರ್ಷಕ್ಕೆ ಕೋಟಿ ಮುಟ್ಟುತ್ತದೆ.

ನಿಜವಾದ ತಮಾಷೆ ಒಪ್ಪಂದದ ಒಂದು ಪದದಲ್ಲಿದೆ. "ಮನಸ್ಸಿದ್ದರೆ ಷೇರು" ಅನ್ನುವಲ್ಲಿ "ಕಡ್ಡಾಯವಾಗಿ ಷೇರು" ಅಂತ ಬರೆಯಿರಿ. ಈಗ ಅಸಲು ವಾಪಸ್ ಕೊಡುವ ಮಾತೇ ಇಲ್ಲ. ಕೊಡಬೇಕಾದ್ದು ಬಡ್ಡಿ ಮಾತ್ರ. ಹಾಗಾಗಿ ಸಾಲ 14.41, ಬಂಡವಾಳ 85.59! ಅಂಕಿಗಳು ಹೀಗೆ ಮಗುಚಿ ಬಿದ್ದಿರುವುದು 6 ಸರಿಯಾಗಿ 12ರ ಅರ್ಧವಾಗಿರುವುದರಿಂದ. ದರ ಬೇರೆಯಾದರೆ ಇಷ್ಟು ಚೆಂದ ಬರುವುದಿಲ್ಲ, ಆದರೆ ಪಲ್ಟಿ ಹೊಡೆಯುವುದು ತಪ್ಪುವುದಿಲ್ಲ.

ಗೋಡೆಯಾಚೆ ಸಣ್ಣದೊಂದು ಫ್ಯಾಕ್ಟರಿಯಿದೆ. ಅವರೂ ಇದೇ ಬಗೆಯ ಕಾಗದದ ಮೇಲೆ ಕೋಟಿ ತಂದಿದ್ದಾರೆ. ಅವರಿಗೆ ಇಂಡ್ ಎಎಸ್ ಇಲ್ಲ, ಹಳೆಯ ಲೆಕ್ಕದ ನಿಯಮಗಳೇ. ಕೋಟಿಗೆ ಕೋಟಿ ಸಾಲ ಅಂತ ಬರೆದು ಊಟಕ್ಕೆ ಹೋದರು. ಹೂಡಿಕೆದಾರ ವಿದೇಶಿಯಾದರೆ ಬರುವ ವಿದೇಶಿ ವಿನಿಮಯದ ಕಾನೂನು ಫೆಮಾ, ಅದಕ್ಕೆ ಈ ಸೀಳುವ ಕತ್ತರಿಯೇ ಬೇಡ: ಕಡ್ಡಾಯದ್ದಾದರೆ ಇಡಿಯಾಗಿ ಷೇರಿನ ಪಂಕ್ತಿ, ಐಚ್ಛಿಕದ್ದಾದರೆ ಇಡಿಯಾಗಿ ವಿದೇಶಿ ಸಾಲದ ಪಂಕ್ತಿ. ಅಮೆರಿಕದ ಲೆಕ್ಕ ಮಂಡಳಿಯೂ ಒಂದು ಕಾಲಕ್ಕೆ ಕೆಲವು ಬಗೆಯ ಇಂಥ ಸಾಲಪತ್ರಗಳನ್ನು ಹೀಗೇ ಸೀಳುತ್ತಿತ್ತು. 2020ರಲ್ಲಿ ಸಾಕಪ್ಪಾ ಅಂತ ಅದರಲ್ಲಿ ಬಹುಪಾಲು ಕೈಬಿಟ್ಟಿತು. ನಾವು ಲಂಡನ್ನಿನ ಅಂತರರಾಷ್ಟ್ರೀಯ ಲೆಕ್ಕ ಮಂಡಳಿಯ ನಿಯಮದ ಅಚ್ಚಿನಲ್ಲಿ ಎರಕ ಹೊಯ್ದುಕೊಂಡವರು, ಇನ್ನೂ ಸೀಳುತ್ತಿದ್ದೇವೆ.

ಮೂರು ವರ್ಷ ಕಳೆಯಿತು. ಗೇರಿನ ವ್ಯಾಪಾರ ಅಷ್ಟಕ್ಕಷ್ಟೇ. ಹೂಡಿಕೆದಾರ ಷೇರು ಬೇಡ ಅಂದ, ಪೂರ್ತಿ ಕೋಟಿ ಎಣಿಸಿಕೊಂಡು ಹೋದ. ಸಾಲದ ಸಾಲು ಸೊನ್ನೆಯಾಯಿತು. ಬಂಡವಾಳದ ಸಾಲಿನಲ್ಲಿ ಮಾತ್ರ 14.41 ಲಕ್ಷ ಅಲ್ಲಾಡದೆ ಕೂತಿದೆ. ಅದನ್ನು ಲಾಭ ಅಂತ ತೋರಿಸುವ ಹಾಗಿಲ್ಲ. ಬಂಡವಾಳದೊಳಗೇ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ದಾಟಿಸಬಹುದು, ಅಷ್ಟೆ. ಮೂರು ವರ್ಷ ಕಟ್ಟದ ಬಡ್ಡಿಯೆಂದು ಖರ್ಚು ಬರೆದು ಲಾಭದಿಂದ ಕಿತ್ತದ್ದೂ ಇದೇ 14.41. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಲು ಮೂರು ವರ್ಷ, ಒಬ್ಬ ಮೌಲ್ಯಮಾಪಕ, ಇಬ್ಬರು ಆಡಿಟರು.

ಮೊನ್ನೆ ಯಜಮಾನರು ಅದೇ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾರ ದುಡ್ಡಯ್ಯಾ?"

"ನಮ್ಮದೇ ಸಾರ್."

"ಹಾಗಾದ್ರೆ ಡ್ರಾ ಮಾಡ್ಕೊಂಡ್ ಬಾ, ಒಂದು ಲೇತ್ ತಗೊಳ್ಳೋಣ."