ಎಡಗಡೆಯ ಸೊನ್ನೆ

ನಮ್ಮ ಕಂಪನಿಯಲ್ಲಿ ಸಂಬಳ ತಿಂಗಳ ಕೊನೆಯ ದಿನ ಬರುತ್ತದೆ. ಸಂಜೆ ಐದರ ಸುಮಾರಿಗೆ ಮೂಲೆಯಲ್ಲೊಂದು ಮೊಬೈಲು ಟಿಣ್ ಅನ್ನುತ್ತದೆ, ಆಮೇಲೆ ಕಿಟಕಿ ಪಕ್ಕದಲ್ಲಿ ಇನ್ನೊಂದು, ಆಮೇಲೆ ದೇವಸ್ಥಾನದ ಮಂಗಳಾರತಿ ಥರ ಎಲ್ಲಾ ಕಡೆಯಿಂದ. ಈ ಜನವರಿ 31ರಂದು ಆ ಮಂಗಳಾರತಿಗೆ ನಾನಿರಲಿಲ್ಲ. ತಿಪಟೂರಿನಲ್ಲಿ ಒಂದು ಮದುವೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಮೊಬೈಲು ಮಾತ್ರ ತೆಪ್ಪಗಿತ್ತು. ಹೋಳಿಗೆಯ ಗಮ್ಮತ್ತಿನಲ್ಲಿ ನನಗೂ ಅದು ಹೊಳೆಯಲಿಲ್ಲ.

ಫೆಬ್ರವರಿ 2ರಂದು ಆಫೀಸಿಗೆ ಹೊರಟಾಗ ಪೆಟ್ರೋಲ್ ಬಂಕಿನಲ್ಲಿ ಗೊತ್ತಾಯಿತು. ಖಾತೆಯಲ್ಲಿ ಇನ್ನೂರ ಚಿಲ್ಲರೆ ರೂಪಾಯಿ. ಸಂಬಳ ಬಂದಿಲ್ಲ! ನನಗೆ ಬಂದಿಲ್ಲ ಅಂದರೆ ಯಾರಿಗೂ ಬಂದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮನುಷ್ಯನಿಗೆ ಕಷ್ಟ ಬಂದಾಗ ಅದು ಊರಿಗೆಲ್ಲಾ ಬಂದಿದೆ ಅಂದುಕೊಳ್ಳುವುದರಲ್ಲಿ ಒಂದು ಸಮಾಧಾನ ಇರುತ್ತದೆ ನೋಡಿ.

ಟೀ ಅಂಗಡಿಯಲ್ಲಿ ನಮ್ಮ ಸ್ಟೋರ್ಸ್‌ನವರು ಸಿಕ್ಕರು. ನಾನು ದೊಡ್ಡ ಮನಸ್ಸು ಮಾಡಿ ಹೇಳಿದೆ: "ಏನ್ ಮಾಡೋದು ಸರ್, ಕಂಪನಿಗೂ ಕಷ್ಟ ಇರುತ್ತೆ. ಈ ತಿಂಗಳು ನಾವೇ ಹೇಗೋ ಸುಧಾರಿಸಿಕೊಂಡು ಹೋಗ್ಬೇಕು." ಅವರ ಕೈಯಲ್ಲಿದ್ದ ಬನ್ನು ಅಲ್ಲೇ ನಿಂತಿತು. "ಯಾಕ್ರೀ, ಏನ್ ಕೇಳಿದ್ರಿ?" ಅಂದರು. ನಾನು ಏನೋ ಒಳಗಿನ ಸುದ್ದಿ ಗೊತ್ತಿರುವವನ ಹಾಗೆ ಕಣ್ಣು ಮುಚ್ಚಿ ತಲೆ ಆಡಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕಂಪನಿ ಮುಚ್ಚುತ್ತಾರೆ ಎಂಬ ಸುದ್ದಿ ಮೂರು ಮಹಡಿ ಹತ್ತಿ ಇಳಿದಿತ್ತು. ಅದನ್ನು ನನಗೇ ಬಂದು ಗುಟ್ಟಾಗಿ ಹೇಳಿದವರಿಬ್ಬರು. ಎರಡನೆಯವರನ್ನು ಕೇಳಿದೆ, "ಅಲ್ಲ, ನಿಮಗೆ ಸಂಬಳ ಬಂತಾ?" "ಶನಿವಾರಾನೇ ಬಂತಲ್ಲ" ಅಂದರು. ಆಮೇಲೆ ನಾನು ಸಂಜೆವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ.

ರಾತ್ರಿ ಊಟ ಮಾಡಿ ಮೇಲ್ ಬರೆಯಲು ಕೂತೆ. ಮೊದಲನೇ ಸಲ ಬರೆದದ್ದು ವಕೀಲರ ನೋಟಿಸಿನ ಥರ ಬಂತು. ನನ್ನ ಬೆವರು, ನನ್ನ ಕುಟುಂಬ, ಕಾರ್ಮಿಕ ಇಲಾಖೆ, ಎಲ್ಲವೂ ಅದರಲ್ಲಿತ್ತು. ಓದಿ ನನಗೇ ಹೆದರಿಕೆಯಾಗಿ ಅಳಿಸಿದೆ. ಎರಡನೇ ಸಲ ಬರೆದದ್ದು ಏಳನೇ ಕ್ಲಾಸಿನ ರಜಾ ಚೀಟಿ. "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುವಾಗಿ "ತಮ್ಮ ವಿಧೇಯ" ಎಂದು ಮುಗಿದಿತ್ತು. ಮಧ್ಯದಲ್ಲಿ ಸಂಬಳದ ವಿಷಯ ಬರುತ್ತಿತ್ತು, ಆದರೆ ಹುಡುಕಬೇಕಿತ್ತು. ನಾನು ದುಡಿದ ದುಡ್ಡನ್ನು ಕೇಳುವುದಕ್ಕೆ ನಾನೇ ಯಾಕೆ ಹೀಗೆ ಬಗ್ಗಿದೆನೋ ಗೊತ್ತಿಲ್ಲ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಅಣ್ಣ ಅತ್ತಿಗೆ ಇದ್ದಾರೆ. ಅತ್ತಿಗೆ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಅಂದರೆ, ಇಂಥ ಮೇಲ್‌ಗಳು ಹೋಗಿ ಬೀಳುವ ಜಾಗದಲ್ಲಿ ಕೂತವರು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು.

ಎರಡನ್ನೂ ಓದಿಸಿ ಕೇಳಿ ಅಂದರು, "ಇದರಲ್ಲಿ ಎಲ್ಲಾ ಇದೆ ಕಣೋ. ನೀನು ಯಾರು, ಏನು ಬೇಕು, ಎರಡೇ ಇಲ್ಲ."

ಆಮೇಲೆ ಅವರು ತಮ್ಮ ಕಡೆಯ ಕಥೆ ಹೇಳಿದರು. ತಿಂಗಳ ಕೊನೆಗೆ ಹಾಜರಿ, ರಜೆ ಎಲ್ಲಾ ಲೆಕ್ಕ ಆದ ಮೇಲೆ ಒಂದೇ ಫೈಲಿನಲ್ಲಿ ಎಲ್ಲರ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ ಹಾಕಿ ಬ್ಯಾಂಕಿಗೆ ಏರಿಸುತ್ತಾರೆ. ಒಬ್ಬರು ಏರಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಎರಡನೆಯವರು ರಜೆ ಹಾಕಿದರೆ ಇಡೀ ಕಂಪನಿಯ ಸಂಬಳ ನಿಲ್ಲುತ್ತದೆ. "ಆದರೆ ಎಲ್ಲರಿಗೂ ಬಂದು ನಿನಗೊಬ್ಬನಿಗೆ ಬಂದಿಲ್ಲ ಅಂದ್ರೆ ತೊಂದರೆ ಕಂಪನಿ ದುಡ್ಡಿಂದಲ್ಲ, ನಿನ್ನ ಸಾಲಿಂದು. ನೀನು ಈಚೆಗೆ ಖಾತೆ ಬದಲಾಯಿಸಿದ್ಯಾ?"

ಬದಲಾಯಿಸಿದ್ದೆ. ಮನೆ ಹತ್ತಿರದ ಬ್ಯಾಂಕಿಗೆ ಅಂತ ಜನವರಿಯಲ್ಲಿ.

"ಮೊದಲು ಅದನ್ನ ಬರಿ" ಅಂದರು.

ನಾನು ಕಾನೂನಿನ ಮಾತು ಎತ್ತಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಅಂತ ಇದೆಯಲ್ಲ! ಇದೆ ಅಂದರು. ಮೊದಲು 1936ರ ಕಾಯ್ದೆ ಇತ್ತು, ಕೊನೆಕೊನೆಗೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಅನ್ವಯವಾಗುತ್ತಿತ್ತು. 2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಬಂದಿದೆ, ಅದರಲ್ಲಿ ಆ ಮಿತಿ ಇಲ್ಲ. "ಆದರೆ ಇವತ್ತು ಎರಡನೇ ತಾರೀಖು. ಏಳು ಆಗೋಕೆ ಮುಂಚೆ ಏಳರ ಮಾತಾಡಿದ್ರೆ ಅವರೇ ನಿನಗೆ ಏಳನ್ನ ತೋರಿಸ್ತಾರೆ. ಅದು ಬ್ರಹ್ಮಾಸ್ತ್ರ, ಬತ್ತಳಿಕೆಯಲ್ಲೇ ಇರಲಿ." ಎಂಡಿಗೂ ಒಂದು ಪ್ರತಿ ಕಳಿಸೋಣ ಎಂಬ ನನ್ನ ಆಸೆಯೂ ಅವರೆಕಾಯಿ ಸಿಪ್ಪೆಯ ಜೊತೆ ಬುಟ್ಟಿಗೆ ಹೋಯಿತು. ಸಂಬಳ ನೋಡುವವರಿಗೆ ಮೇಲ್, ನಮ್ಮ ಮ್ಯಾನೇಜರಿಗೆ ಪ್ರತಿ, ಅಷ್ಟೇ.

3ನೇ ತಾರೀಖು ಬೆಳಿಗ್ಗೆ ಹೋದ ಮೇಲ್ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳಿದರೆ ಹೀಗೆ:

"ವಿಷಯ: ಜನವರಿ ಸಂಬಳ ಜಮೆ ಆಗಿಲ್ಲ, ಉದ್ಯೋಗಿ ಸಂಖ್ಯೆ 214.

ನಮಸ್ಕಾರ. ನನ್ನ ಜನವರಿ ಸಂಬಳ ಇವತ್ತು ಬೆಳಿಗ್ಗೆ 9 ಗಂಟೆಯವರೆಗೂ ಖಾತೆಗೆ ಬಂದಿಲ್ಲ. ಸಂಬಳದ ಚೀಟಿಯಲ್ಲಿ 31ರಂದು ಪಾವತಿಯಾಗಿದೆ ಎಂದಿದೆ. ಕಳೆದ ತಿಂಗಳು ನಾನು ಖಾತೆ ಬದಲಿಸಿದ್ದೆ. ಹೊಸ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟ ಲಗತ್ತಿಸಿದ್ದೇನೆ. ಹಣ ಕಂಪನಿಯ ಬ್ಯಾಂಕಿನಿಂದ ಹೊರಟಿದೆಯೇ? ಹೊರಟಿದ್ದರೆ ಯುಟಿಆರ್ ಸಂಖ್ಯೆ ತಿಳಿಸಿ, ನಮ್ಮ ಬ್ಯಾಂಕಿನಲ್ಲಿ ವಿಚಾರಿಸುತ್ತೇನೆ. ಹೊರಟಿಲ್ಲ ಅಥವಾ ವಾಪಸ್ ಬಂದಿದೆ ಎಂದಾದರೆ, ಕಾರಣವನ್ನೂ ಮತ್ತೆ ಯಾವ ತಾರೀಖಿಗೆ ಜಮೆ ಆಗುತ್ತದೆ ಎಂಬುದನ್ನೂ ತಿಳಿಸಿ. 5ರಂದು ನನ್ನ ಬೈಕ್ ಸಾಲದ ಕಂತು ಇರುವುದರಿಂದ ನಾಳೆ ಸಂಜೆಯೊಳಗೆ ಉತ್ತರ ಸಿಕ್ಕರೆ ಉಪಕಾರ."

ಬೆವರಿನ ಮಾತು ಎಲ್ಲೂ ಇಲ್ಲ. ನನಗೆ ಸಪ್ಪೆ ಅನ್ನಿಸಿತು. ಯುಟಿಆರ್ ಅಂದರೆ ಏನೆಂದು ಹಿಂದಿನ ರಾತ್ರಿಯಷ್ಟೇ ಗೊತ್ತಾಗಿತ್ತು. ಪ್ರತಿ ಹಣ ವರ್ಗಾವಣೆಗೂ ಬೀಳುವ ಗುರುತಿನ ಸಂಖ್ಯೆ ಅದು. ನೆಫ್ಟ್‌ನಲ್ಲಾದರೆ 16 ಅಕ್ಷರ. "ಕಳಿಸಿದ್ದೀವಿ, ನಿಮ್ಮ ಬ್ಯಾಂಕನ್ನ ಕೇಳಿ" ಅಂತ ಕಂಪನಿ ಹೇಳಿ, "ನಮಗೆ ಬಂದಿಲ್ಲ, ಕಂಪನಿಯನ್ನ ಕೇಳಿ" ಅಂತ ಬ್ಯಾಂಕು ಹೇಳುವ ಆಟ ಈ ಸಂಖ್ಯೆ ಕೇಳಿದ ಕೂಡಲೇ ನಿಂತುಹೋಗುತ್ತದೆ.

ಸಂಜೆ ಉತ್ತರ ಬಂತು. "ನಿಮ್ಮ ಸಂಬಳ ಪ್ರಕ್ರಿಯೆಯಲ್ಲಿದೆ. ಶೀಘ್ರದಲ್ಲೇ ಜಮೆ ಆಗುತ್ತದೆ." ನಾನು ಖುಷಿಯಿಂದ ಮೇಲಕ್ಕೆ ಓಡಿ ತೋರಿಸಿದೆ.

"ಶೀಘ್ರದಲ್ಲೇ ಅನ್ನೋ ತಾರೀಖು ಯಾವ ಪಂಚಾಂಗದಲ್ಲಿದೆಯೋ?" ಅಂದರು ಅತ್ತಿಗೆ.

ಹೌದಲ್ವಾ! ಚೀಟಿಯಲ್ಲಿ ಪಾವತಿಯಾಗಿದೆ, ಮೇಲ್‌ನಲ್ಲಿ ಪ್ರಕ್ರಿಯೆಯಲ್ಲಿದೆ. ಎರಡರಲ್ಲಿ ಒಂದು ಸುಳ್ಳಿರಬೇಕು. ಹೊಸ ಮೇಲ್ ಬೇಡ, ಅದೇ ಮೇಲ್‌ಗೆ ಉತ್ತರವಾಗಿ ಬರಿ, ಹಳೆಯದು ಕೆಳಗೆ ಕಾಣಲಿ ಎಂದರು. 4ರ ಬೆಳಿಗ್ಗೆ ಎರಡೇ ಸಾಲು ಕಳಿಸಿದೆ. "ಉತ್ತರಕ್ಕೆ ಧನ್ಯವಾದ. ಚೀಟಿಯಲ್ಲಿ 31ರಂದು ಪಾವತಿ ಎಂದಿರುವುದರಿಂದ, ಆ ದಿನದ ಯುಟಿಆರ್ ಅಥವಾ ಹಣ ವಾಪಸಾದ ವಿವರ, ಮತ್ತು ಜಮೆ ಆಗುವ ತಾರೀಖು, ಇವೆರಡನ್ನು ದಯವಿಟ್ಟು ತಿಳಿಸಿ."

ಈ ಸಲ ಅವರು ನಿಜವಾಗಿ ಫೈಲು ತೆಗೆದು ನೋಡಿದ್ದಾರೆ. ಮಧ್ಯಾಹ್ನ ಉತ್ತರ ಬಂತು, ಉದ್ದವಾಗಿ. ಹಣ 31ರಂದೇ ಹೊರಟಿತ್ತು. ಅಂಥ ಖಾತೆ ಇಲ್ಲ ಎಂದು ಅದೇ ಸಂಜೆ ಕಂಪನಿಯ ಖಾತೆಗೇ ವಾಪಸ್ ಬಂದಿತ್ತು. ವಾಪಸಾದ ಪಟ್ಟಿಯನ್ನು ಯಾರೂ ತೆರೆದು ನೋಡಿರಲಿಲ್ಲ. ನಾನು ತಿಪಟೂರಿನಿಂದ ಬರುವ ಮೊದಲೇ ನನ್ನ ಸಂಬಳ ಹೋದ ದಾರಿಗೆ ಸುಂಕವಿಲ್ಲ ಅಂತ ಮನೆಗೆ ಮರಳಿ ಕಾಲು ಚಾಚಿ ಮಲಗಿತ್ತು. ಕಾರಣ? "ತಾವು ತುಂಬಿ ಕಳಿಸಿದ ಎಕ್ಸೆಲ್ ಹಾಳೆಯಲ್ಲಿ ಖಾತೆ ಸಂಖ್ಯೆಗೆ ಒಂದು ಅಂಕಿ ಕಡಿಮೆ ಇದೆ. ಪಾಸ್‌ಬುಕ್ಕಿನಲ್ಲಿ 13, ತಮ್ಮ ಹಾಳೆಯಲ್ಲಿ 12."

ತಾವು. ಅಂದರೆ ನಾನು.

ಹಾಳೆ ತೆರೆದು ನೋಡಿದೆ. ನನ್ನ ಹೊಸ ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ. ನಾನು ಸೊನ್ನೆ ಹಾಕಿಯೇ ಟೈಪ್ ಮಾಡಿದ್ದೆ, ಆಣೆ ಮಾಡುತ್ತೇನೆ. ಆದರೆ ಎಕ್ಸೆಲ್ ಅದನ್ನು ಖಾತೆ ಅಂತ ನೋಡುವುದಿಲ್ಲ, ಬರೀ ಅಂಕಿ ಅಂತ ನೋಡುತ್ತದೆ. ಎಂಟರ್ ಒತ್ತಿದ ಕೂಡಲೇ ಮುಂದಿನ ಸೊನ್ನೆಯನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ನಮ್ಮ ಲೆಕ್ಕದ ಮೇಷ್ಟ್ರು ನಾಲ್ಕನೇ ಕ್ಲಾಸಿನಲ್ಲಿ ಬೆತ್ತ ಹಿಡಿದು ಹೇಳಿಕೊಟ್ಟಿದ್ದರು: ಬಲಗಡೆ ಸೊನ್ನೆ ಇಟ್ಟರೆ ಹತ್ತು ಪಟ್ಟು, ಎಡಗಡೆ ಇಟ್ಟರೆ ಬೆಲೆಯಿಲ್ಲ. ಇಡೀ ತಿಂಗಳ ಸಂಬಳದ ಬೆಲೆ ಅದಕ್ಕಿತ್ತು ಮೇಷ್ಟ್ರೇ.

ಮೊದಲ ರಾತ್ರಿಯ ವಕೀಲರ ನೋಟಿಸು ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದು ಒಂದು ಲೋಟ ನೀರು ಕುಡಿದೆ.

ಹಾಳೆ ಸರಿಮಾಡಿ ಮತ್ತೆ ಕಳಿಸಲು ಹೇಳಿದ್ದರು. ಸೊನ್ನೆ ಹಾಕಿದೆ, ನುಂಗಿತು. ಮತ್ತೆ ಹಾಕಿದೆ, ಮತ್ತೆ ನುಂಗಿತು. ಅತ್ತಿಗೆ ಹಿಂದಿನಿಂದ ಬಂದು, ಸೊನ್ನೆಗೆ ಮುಂಚೆ ಮೇಲ್ಗಡೆ ಒಂದು ಸಣ್ಣ ಕೊಕ್ಕೆ ಹಾಕು ಅಂದರು, ಹೀಗೆ: `'0`. ಸೊನ್ನೆ ಕದಲದೆ ನಿಂತಿತು. ದೃಷ್ಟಿಬೊಟ್ಟು ಇಟ್ಟ ಮಗುವಿನ ಹಾಗೆ.

ಉತ್ತರದ ಕೊನೆಯ ಸಾಲಿನಲ್ಲಿ ನಾನು ಕೇಳಿದ್ದೂ ಇತ್ತು: "6ನೇ ತಾರೀಖು ಮಧ್ಯಾಹ್ನ 12ರೊಳಗೆ ಜಮೆ ಆಗುತ್ತದೆ." ಗಟ್ಟಿ ತಾರೀಖು, ಗಂಟೆ ಸಮೇತ. ಆದರೆ ಬೈಕಿನ ಕಂತು 5ರ ಬೆಳಿಗ್ಗೆ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದರೆ ನಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಹಾಗಾಗಿ ಮತ್ತೆ ಮೆಟ್ಟಿಲು ಹತ್ತಿದೆ.

"ಅತ್ತಿಗೆ, ಒಂದು ನಾಲ್ಕೂವರೆ ಸಾವಿರ ಇದ್ರೆ..."

"ಯಾವಾಗ ಕೊಡ್ತೀಯ?"

"ಆದಷ್ಟು ಬೇಗ ಕೊಡ್ತೀನಿ."

ಅತ್ತಿಗೆ ಏನೂ ಹೇಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು.

"6ನೇ ತಾರೀಖು. ಮಧ್ಯಾಹ್ನ 12ರೊಳಗೆ" ಅಂದೆ.

ಆರರಂದು 11:40ಕ್ಕೆ ಮೊಬೈಲು ಟಿಣ್ ಅಂದಿತು. ಇಡೀ ಆಫೀಸಿನಲ್ಲಿ ನನ್ನದೊಂದೇ. ಕಣ್ಣು ತುಂಬಾ ನೋಡಿ, ಸ್ಟೋರ್ಸ್‌ನವರನ್ನು ಟೀಗೆ ಕರೆದುಕೊಂಡು ಹೋಗಿ, ಕಂಪನಿ ಸದ್ಯಕ್ಕೆ ಮುಚ್ಚುವುದಿಲ್ಲ ಎಂದು ಸಮಾಧಾನ ಹೇಳುತ್ತಿದ್ದೆ. 12:05ಕ್ಕೆ ಇನ್ನೊಂದು ಸಲ ಟಿಣ್ ಅಂದಿತು. ಅತ್ತಿಗೆಯ ಮೆಸೇಜು. "ಯುಟಿಆರ್ ಕಳಿಸು."