ಫೈವ್ ಸ್ಟಾರ್ ಇದ್ದ ಮಾತ್ರಕ್ಕೆ ಸ್ಟಾರ್ ಆಗಲ್ಲ ಸ್ವಾಮಿ

ಐಟಿಸಿಯವ್ರು ಹೋಟೆಲ್ ಬಿಸಿನೆಸ್ಸನ್ನ ಬೇರೆ ಕಂಪನಿ ಮಾಡಿ 2025ರ ಜನವರಿಲಿ ಷೇರುಪೇಟೆಗೆ ಬಿಟ್ರಲ್ಲ, ಅವತ್ತಿಂದ ಯೂಟ್ಯೂಬ್ ಷೇರು ಪಂಡಿತರು, ಎಂಬಿಎ ಮೇಷ್ಟ್ರು, ಇವ್ರಿಬ್ರನ್ನೂ ಕಾಪಿ ಹೊಡೆಯೋ ಹುಡುಗ್ರು, ಎಲ್ಲರ ಸ್ಲೈಡಲ್ಲೂ ಅದೇ ನಾಲ್ಕು ಚೌಕದ ಬಿಸಿಜಿ ಮ್ಯಾಟ್ರಿಕ್ಸ್, ಕಂಪನಿಯ ಯಾವ ಬಿಸಿನೆಸ್ಸಿಗೆ ದುಡ್ಡು ಹಾಕ್ಬೇಕು, ಯಾವುದನ್ನ ಮಾರ್ಬೇಕು ಅಂತ ಹೇಳೋ ಚಾರ್ಟು. ಸಿಗರೇಟು ಕ್ಯಾಶ್ ಕೌ, ಆಶೀರ್ವಾದ್ ಆಟಾ ಸ್ಟಾರ್, ಇಷ್ಟರ ತನಕ ಯಾರಿಗೂ ಜಗಳ ಇಲ್ಲ. ಹೋಟೆಲ್ ಬಂತು ನೋಡಿ, ಒಬ್ಬ ಡಾಗ್ ಅಂತಾನೆ, ಇನ್ನೊಬ್ಬ ಕ್ವೆಶ್ಚನ್ ಮಾರ್ಕ್ ಅಂತಾನೆ, ಮೂರನೆಯ ಮಹಾನುಭಾವ ಅದನ್ನ ಸೀದಾ ಸ್ಟಾರ್ ಚೌಕದಲ್ಲಿ ಕೂರಿಸಿದ್ದಾನೆ, ಯಾಕಪ್ಪಾ ಅಂದ್ರೆ ಫೈವ್ ಸ್ಟಾರ್ ಹೋಟೆಲ್ ಅಲ್ವಾ ಸಾರ್! ಭೇಷ್ ಮಗನೇ, ಹಾಗಾದ್ರೆ ನಿಮ್ಮೂರ ಖಾನಾವಳಿ ಯಾವ ಚೌಕ?

ಬಿಸಿಜಿ ಅನ್ನೋ ಕನ್ಸಲ್ಟಿಂಗ್ ಕಂಪನಿ ಕಟ್ಟಿದ ಬ್ರೂಸ್ ಹೆಂಡರ್ಸನ್ 1970ರಲ್ಲಿ ಇದನ್ನ ಬರೆದಾಗ ಅಳತೆಗೋಲು ಇದ್ದಿದ್ದು ಎರಡೇ. ಮಾರ್ಕೆಟ್ ಎಷ್ಟು ವೇಗವಾಗಿ ಬೆಳೀತಿದೆ ಅನ್ನೋದೊಂದು, ಅದಕ್ಕೆ ಸಾಮಾನ್ಯವಾಗಿ ಶೇ 10ರ ಹತ್ರ ಗೆರೆ ಎಳೀತಾರೆ. ಇನ್ನೊಂದು ಸಾಪೇಕ್ಷ ಪಾಲು, ಅಂದ್ರೆ ನಿನ್ನ ಪಾಲನ್ನ ನಿನ್ನ ಅತಿ ದೊಡ್ಡ ಎದುರಾಳಿಯ ಪಾಲಿಂದ ಭಾಗಿಸು, 1ಕ್ಕಿಂತ ಜಾಸ್ತಿ ಬಂದ್ರೆ ನೀನೇ ರಾಜ. ಎರಡೂ ಜಾಸ್ತಿ ಇದ್ರೆ ಸ್ಟಾರ್, ಪಾಲು ಮಾತ್ರ ಜಾಸ್ತಿ ಇದ್ರೆ ಕ್ಯಾಶ್ ಕೌ, ಬೆಳವಣಿಗೆ ಮಾತ್ರ ಜಾಸ್ತಿ ಇದ್ರೆ ಕ್ವೆಶ್ಚನ್ ಮಾರ್ಕ್, ಎರಡೂ ಕಮ್ಮಿ ಇದ್ರೆ ಡಾಗ್. ಹೋಟೆಲಲ್ಲಿ ತಾಜ್‌ನೋರು ಇವ್ರಿಗಿಂತ ದೊಡ್ಡವ್ರು, ಹಾಗಾಗಿ ಉತ್ತರ 1ಕ್ಕಿಂತ ಕಮ್ಮಿ, ಸ್ಟಾರ್ ಚೌಕದ ಬಾಗಿಲು ಅಲ್ಲೇ ಬಂದ್. ಲಾಕ್‌ಡೌನಲ್ಲಿ ರೂಮು ಖಾಲಿ ಬಿದ್ದಾಗ ಡಾಗ್, ಜನ ಮತ್ತೆ ಓಡಾಡೋಕೆ ಶುರು ಮಾಡಿ ಬಾಡಿಗೆ ಏರಿದಾಗ ಕ್ವೆಶ್ಚನ್ ಮಾರ್ಕ್, ಕಟ್ಟಡ ಅದೇ, ಇಡ್ಲಿನೂ ಅದೇ. ಡಾಗ್ ಆದ್ರೆ ಮಾರು ಅನ್ನುತ್ತೆ ಪುಸ್ತಕ, ಕಂಪನಿ ಮಾಡಿದ್ದೇನು, ಶೇ 40 ತಾನೇ ಇಟ್ಕೊಂಡು ಉಳಿದಿದ್ದನ್ನ ತನ್ನ ಷೇರುದಾರರಿಗೇ ಹಂಚಿಬಿಡ್ತು. ಅರ್ಧ ನಾಯಿ ಸಾಕೋಕೆ ಐದನೇ ಚೌಕ ಬೇಕಿತ್ತು.

ಸಾಪೇಕ್ಷ ಪಾಲು ಅಂದೆನಲ್ಲ, ಅದರ ಮಜಾ ನೋಡ್ಬೇಕು ಅಂದ್ರೆ 2015ರ ಮ್ಯಾಗಿ ರಗಳೆ ನೆನಪಿಸ್ಕೊಳ್ಳಿ. ನೂಡಲ್ಸಲ್ಲಿ ಮ್ಯಾಗಿ ದೊಡ್ಡಣ್ಣ, ಐಟಿಸಿಯ ಯಿಪ್ಪಿ ಎರಡನೇದು. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಮ್ಯಾಗಿ 60, ಯಿಪ್ಪಿ 20 ಅಂತಿಟ್ಕೊಳ್ಳಿ, 20ನ್ನ 60ರಿಂದ ಭಾಗಿಸಿದ್ರೆ 0.33, ಅಪ್ಪಟ ಕ್ವೆಶ್ಚನ್ ಮಾರ್ಕ್. ಜೂನಲ್ಲಿ ಮ್ಯಾಗಿಲಿ ಸೀಸ ಇದೆ ಅಂತ ಗಲಾಟೆ ಆಗಿ, ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಮ್ಯಾಗಿ ನಿಲ್ಲಿಸ್ತು, ಅಂಗಡಿ ಶೆಲ್ಫಿಂದ ಎತ್ತಾಕಿದ್ರು. ಈಗ ಯಿಪ್ಪಿಗಿಂತ ದೊಡ್ಡವ್ರೇ ಇಲ್ಲ, ಉತ್ತರ ಒಂದೇ ಸಲಕ್ಕೆ 1 ದಾಟಿ ಹೋಯ್ತು, ಅವ್ರು ಮಸಾಲೆಲಿ ಒಂದು ಚಿಟಿಕೆ ಉಪ್ಪೂ ಬದಲಾಯಿಸಿರ್ಲಿಲ್ಲ! ಸ್ಟಾರ್ ಅಂತ ಕುಣಿಯೋಣ ಅಂದ್ರೆ ಹೆದರಿದ ಅಮ್ಮಂದಿರು ಯಾವ ನೂಡಲ್ಸೂ ಬೇಡ ಅಂತ ಉಪ್ಪಿಟ್ಟು ಕೆದಕೋಕೆ ಶುರು ಮಾಡಿದ್ರು, ಮಾರ್ಕೆಟ್ಟೇ ಕುಸೀತು, ಬೆಳವಣಿಗೆ ಸೊನ್ನೆಗಿಂತ ಕೆಳಗೆ. ಮ್ಯಾಟ್ರಿಕ್ಸ್ ಪ್ರಕಾರ ಪಾಲು ಜಾಸ್ತಿ, ಬೆಳವಣಿಗೆ ಇಲ್ಲ, ಅಂದ್ರೆ ಕ್ಯಾಶ್ ಕೌ, ಹಾಲು ಕರೀರಿ! ಎಲ್ಲಿಂದ ಕರೀತೀರ್ರೀ, ಕೊಳ್ಳೋರೇ ಇಲ್ಲ. ಆಗಸ್ಟಲ್ಲಿ ಬಾಂಬೆ ಹೈಕೋರ್ಟು ನಿಷೇಧ ರದ್ದು ಮಾಡ್ತು, ನಮ್ಮ ನಂಜನಗೂಡಿನ ಫ್ಯಾಕ್ಟರಿಲೂ ಮತ್ತೆ ಮ್ಯಾಗಿ ತಯಾರಿ ಶುರುವಾಯ್ತು, ನವೆಂಬರಲ್ಲಿ ಅಂಗಡಿಗೂ ಬಂತು. ಆಮೇಲೆ ಯಿಪ್ಪಿ ಬಾಲ ಮುದುರ್ಕೊಂಡು ತನ್ನ ಹಳೇ ಚೌಕಕ್ಕೆ. ಅವತ್ತು ಈ ಚಾರ್ಟ್ ನಂಬ್ಕೊಂಡು ದುಡ್ಡು ಹಾಕೋದು ನಿಲ್ಲಿಸಿದ್ರೆ ಕಥೆ ಮುಗೀತಿತ್ತು.

ಇನ್ನು ಗೋಮಾತೆ. ಸಿಗರೇಟು ಮಾರ್ಕೆಟ್ ಅಂತ ಗೆರೆ ಎಳೆದ್ರೆ ಐಟಿಸಿ ದೈತ್ಯ, ಹತ್ರ ಯಾರೂ ಇಲ್ಲ. ಬೀಡಿ, ಗುಟ್ಕಾ, ಜರ್ದಾ ಎಲ್ಲ ಸೇರ್ಸಿ ತಂಬಾಕು ಮಾರ್ಕೆಟ್ ಅಂದ್ರೆ ಕಾನೂನುಬದ್ಧ ಸಿಗರೇಟು ಸುಮಾರು ಹತ್ತನೇ ಒಂದು ಭಾಗ ಅಂತ ಅವ್ರೇ ಹೇಳ್ತಾರೆ. ಟ್ಯಾಕ್ಸ್ ಜಾಸ್ತಿ ಮಾಡ್ಬೇಡಿ ಅಂತ ಸರ್ಕಾರದ ಮುಂದೆ ನಿಂತಾಗ ಈ ಚಿಕ್ಕ ಪಾಲು, ಷೇರುದಾರರ ಮುಂದೆ ಆ ದೊಡ್ಡ ಪಾಲು. ಹಸು ಒಂದೇ, ಕೊಟ್ಟಿಗೆ ಎರಡು.

ಸ್ಲೈಡಲ್ಲಿ ಆ ಹಸು ನಗ್ತಾ ಇರುತ್ತೆ ಬೇರೆ, ಕೊರಳಿಗೊಂದು ಗಂಟೆ. ಪ್ಯಾಕೆಟ್ ಮೇಲೆ ಶೇ 85 ಜಾಗದಲ್ಲಿ ಕೊಳೆತ ಗಂಟಲಿನಂಥ ಫೋಟೋ, ಎಚ್ಚರಿಕೆ ಮಾತು ಎರಡೂ ಹಾಕ್ಬೇಕು ಅಂತ ಕಾನೂನಿದೆ, ಸ್ಲೈಡಿಗೆ ಯಾವ ಕಾನೂನೂ ಇಲ್ಲ. ನಂಗೆ ತಮಾಷೆ ಸಾಕಾಯ್ತು. ಕಿದ್ವಾಯಿ ಆಸ್ಪತ್ರೆ ಒಪಿಡಿಲಿ ಬೆಳಗ್ಗೆ ಫೈಲ್ ಹಿಡ್ಕೊಂಡು ಕೂತಿರ್ತಾರಲ್ಲ, ತಂಬಾಕಿನ ಕ್ಯಾನ್ಸರ್‌ನೋರು, ಅವ್ರ ಖರ್ಚು ಈ ಹಾಲಿನ ಲೆಕ್ಕದಲ್ಲಿ ಯಾವ ಕಾಲಮ್ಮಿಗೂ ಬರಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಒಣಗಿಸೋ ಬ್ಯಾರನ್ನಿಗೆ ಸೌದೆ ತುಂಬಿ ರಾತ್ರಿಯೆಲ್ಲ ಎಲೆ ಬೇಯಿಸಿ, ಹರಾಜಲ್ಲಿ ಬೇಲ್ ಪಕ್ಕ ನಿಂತು ಇವತ್ತು ಯಾವ ಗ್ರೇಡ್ ಬರೀತಾರೋ ಅಂತ ಕಾಯೋ ರೈತನೂ ಬರಲ್ಲ. ಎಕ್ಸಾಮಲ್ಲಿ ಮಾತ್ರ ಕ್ಯಾಶ್ ಕೌ ಅಂತ ಬರೆದ್ರೆ ಫುಲ್ ಮಾರ್ಕ್ಸ್, ಚಿತ್ರ ಬಿಡಿಸಿದ್ರೆ ಇನ್ನೂ ಖುಷಿ ಮೇಷ್ಟ್ರಿಗೆ.